ಹಣ ಬತ್ತಿದ್ದು ಬ್ಯಾಂಕಿನಲ್ಲೋ, ಸಾಲಗಾರನ ಲೆಕ್ಕದಲ್ಲೋ?

ರಿಸರ್ವ್ ಬ್ಯಾಂಕ್ ಬಡ್ಡಿ ದರ ಏರಿಸಿದ ಕೆಲವು ತಿಂಗಳ ನಂತರ ಒಂದು ಸಣ್ಣ ಕಾರ್ಖಾನೆಯ ಸಾಲದ ಅರ್ಜಿ ಬ್ಯಾಂಕಿನಿಂದ ವಾಪಸ್ ಬರುತ್ತದೆ ಎಂದುಕೊಳ್ಳಿ. ಹಾಗಾಗಲು ಎರಡು ಕಾರಣಗಳಿರಬಹುದು. ಕೊಡಲು ಬ್ಯಾಂಕಿನ ಬಳಿ ಹಣ ಇಲ್ಲದಿರಬಹುದು. ಅಥವಾ ಹಣ ಇದ್ದರೂ ಈ ಕಾರ್ಖಾನೆಗೆ ಕೊಟ್ಟರೆ ತಿರುಗಿ ಬರುತ್ತದೆಂಬ ಭರವಸೆ ಬ್ಯಾಂಕಿಗೆ ಇಲ್ಲದಿರಬಹುದು. ಅರ್ಜಿದಾರನಿಗೆ ಎರಡರ ಫಲವೂ ಒಂದೇ. ಅರ್ಥಶಾಸ್ತ್ರದಲ್ಲಿ ಮಾತ್ರ ಅವು ಎರಡು ಬೇರೆ ದಾರಿಗಳು. ಮೊದಲನೆಯದು ಬ್ಯಾಂಕ್ ಲೆಂಡಿಂಗ್ ಚಾನೆಲ್, ಅಂದರೆ ಬ್ಯಾಂಕ್ ಸಾಲದ ಮಾರ್ಗ. ಎರಡನೆಯದು ಬ್ಯಾಲೆನ್ಸ್ ಶೀಟ್ ಚಾನೆಲ್, ಅಂದರೆ ಸಾಲಗಾರನ ಆಸ್ತಿ-ಹೊಣೆ ಲೆಕ್ಕದ ಮಾರ್ಗ.

ಸ್ನಾತಕೋತ್ತರ ಅರ್ಥಶಾಸ್ತ್ರ, ನೆಟ್, ನಾಗರಿಕ ಸೇವೆಯ ಐಚ್ಛಿಕ ವಿಷಯ, ರಿಸರ್ವ್ ಬ್ಯಾಂಕ್ ಅಧಿಕಾರಿಗಳ ಪರೀಕ್ಷೆ ಇವುಗಳಿಗೆ ಓದುವವರು ಹಣಕಾಸು ನೀತಿಯ ಅಧ್ಯಾಯದಲ್ಲಿ ಈ ಎರಡನ್ನೂ ಎದುರಿಸುತ್ತಾರೆ. ಉತ್ತರ ಪತ್ರಿಕೆಯಲ್ಲಿ ಹೆಚ್ಚಾಗಿ ಕಾಣುವುದು ಒಂದೇ ವಾಕ್ಯದ ಎರಡು ರೂಪ: ‘ದರ ಏರಿದರೆ ಸಾಲ ಕಡಿಮೆಯಾಗುತ್ತದೆ, ಹೂಡಿಕೆ ಇಳಿಯುತ್ತದೆ.’ ಇದು ತಪ್ಪಲ್ಲ. ಆದರೆ ಎರಡು ಮಾರ್ಗಗಳನ್ನು ಬೇರ್ಪಡಿಸುವಂತೆ ಕೇಳಿದ ಪ್ರಶ್ನೆಗೆ ಇದು ಉತ್ತರವೂ ಅಲ್ಲ. ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ಇದೇ ಕಾರ್ಖಾನೆ, ಇದೇ ಕಾಗದಪತ್ರ ಹಿಡಿದು, ಹಣದ ಕೊರತೆಯಿಲ್ಲದ ಇನ್ನೊಂದು ಬ್ಯಾಂಕಿಗೆ ಹೋದರೆ ಸಾಲ ಸಿಗುತ್ತದೆಯೇ? ಸಿಗುವುದಾದರೆ ತೊಡಕು ಮೊದಲ ಬ್ಯಾಂಕಿನದು. ಎಲ್ಲಿ ಹೋದರೂ ಸಿಗದಿದ್ದರೆ ತೊಡಕು ಕಾರ್ಖಾನೆಯ ಲೆಕ್ಕದಲ್ಲಿದೆ.

ಎರಡಕ್ಕೂ ಬೇರು ಒಂದೇ

ಪಠ್ಯಪುಸ್ತಕದ ಹಳೆಯ ವಿವರಣೆ ಬಡ್ಡಿ ದರದ ಮಾರ್ಗ. ಕೇಂದ್ರ ಬ್ಯಾಂಕ್ ದರ ಏರಿಸುತ್ತದೆ, ಹಣದ ಬೆಲೆ ಹೆಚ್ಚುತ್ತದೆ, ಆದ್ದರಿಂದ ಉದ್ಯಮಗಳೇ ಹೂಡಿಕೆಯ ಆಸೆ ಬಿಡುತ್ತವೆ. ಇಲ್ಲಿ ಬ್ಯಾಂಕುಗಳಿಗೆ ವಿಶೇಷ ಪಾತ್ರವಿಲ್ಲ. ಸಾಲ ಯಾರು ಕೊಟ್ಟರು, ಯಾರು ತೆಗೆದುಕೊಂಡರು ಎಂಬುದೂ ಮುಖ್ಯವಲ್ಲ. ಆದರೆ ಅಲ್ಪಾವಧಿ ದರದ ಸಣ್ಣ ಬದಲಾವಣೆಗೆ ಆರ್ಥಿಕತೆ ಇಷ್ಟು ದೊಡ್ಡದಾಗಿ ಏಕೆ ಸ್ಪಂದಿಸುತ್ತದೆ ಎಂಬುದನ್ನು ಹಣದ ಬೆಲೆಯೊಂದರಿಂದ ವಿವರಿಸುವುದು ಕಷ್ಟ. ಬೆನ್ ಬರ್ನಾಂಕೆ ಮತ್ತು ಮಾರ್ಕ್ ಗರ್ಟ್ಲರ್ 1995ರಲ್ಲಿ ಬರೆದ ಪ್ರಬಂಧ ಈ ಕೊರತೆಯಿಂದಲೇ ಹೊರಡುತ್ತದೆ. ಪರೀಕ್ಷೆಗಳಲ್ಲಿ ಕೇಳುವ ಈ ವರ್ಗೀಕರಣ ಮುಖ್ಯವಾಗಿ ಅಲ್ಲಿಂದ ಬಂದದ್ದು.

ಅವರ ವಾದದ ತಿರುಳು ಹೀಗಿದೆ. ಉದ್ಯಮಿಯೊಬ್ಬ ತನ್ನದೇ ಉಳಿತಾಯ ಬಳಸಿದರೆ ಒಂದು ವೆಚ್ಚ, ಹೊರಗಿನಿಂದ ಹಣ ತಂದರೆ ಅದಕ್ಕಿಂತ ಹೆಚ್ಚಿನ ವೆಚ್ಚ. ಕಾರಣ, ಉದ್ಯಮದ ನಿಜಸ್ಥಿತಿ ಉದ್ಯಮಿಗೆ ಗೊತ್ತಿರುವಷ್ಟು ಸಾಲ ಕೊಡುವವನಿಗೆ ಗೊತ್ತಿರುವುದಿಲ್ಲ. ಕೊಡುವವನು ವಿಚಾರಣೆ ಮಾಡಬೇಕು, ಅಡಮಾನ ಪರಿಶೀಲಿಸಬೇಕು, ಕೊಟ್ಟ ಮೇಲೂ ಕಣ್ಣಿಟ್ಟಿರಬೇಕು, ಕೆಲವರು ಮುಳುಗಿಸುತ್ತಾರೆಂಬ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಈ ಎಲ್ಲ ಖರ್ಚೂ ಸಾಲದ ಬೆಲೆಯಲ್ಲಿ ಸೇರುತ್ತದೆ. ಸ್ವಂತ ಹಣಕ್ಕೂ ಹೊರಗಿನ ಹಣಕ್ಕೂ ಇರುವ ಈ ವೆಚ್ಚದ ಅಂತರವನ್ನು ಹೊರಹಣದ ಹೆಚ್ಚುವರಿ ವೆಚ್ಚ ಎನ್ನೋಣ.

ಕೇಂದ್ರ ಬ್ಯಾಂಕ್ ದರ ಏರಿಸಿದಾಗ ಬಡ್ಡಿಯ ಜೊತೆಗೆ ಈ ಅಂತರವೂ ಹಿಗ್ಗುತ್ತದೆ. ಹಾಗಾಗಿ ಏಟು ಇಮ್ಮಡಿಯಾಗುತ್ತದೆ. ಇದೇ ಸಾಲದ ಮಾರ್ಗ. ಅಂತರ ಹಿಗ್ಗುವುದು ಕೊಡುವವನ ಕಡೆಯಿಂದಾದರೆ ಬ್ಯಾಂಕ್ ಲೆಂಡಿಂಗ್ ಚಾನೆಲ್, ಪಡೆಯುವವನ ಕಡೆಯಿಂದಾದರೆ ಬ್ಯಾಲೆನ್ಸ್ ಶೀಟ್ ಚಾನೆಲ್. ಎರಡೂ ಬಡ್ಡಿ ದರದ ಮಾರ್ಗಕ್ಕೆ ಬದಲಿಯಾಗಿ ನಿಲ್ಲುವಂಥವಲ್ಲ, ಅದರ ಪರಿಣಾಮವನ್ನು ಹಿಗ್ಗಿಸುವಂಥವು. ಉತ್ತರದ ಆರಂಭದಲ್ಲೇ ಈ ಮಾತು ಬಂದರೆ ಮುಂದಿನದಕ್ಕೆ ಭದ್ರ ನೆಲೆ ಸಿಗುತ್ತದೆ.

ಕೊಡುವವನ ಕೈ ಬಿಗಿಯಾದಾಗ

ಬ್ಯಾಂಕ್ ಸಾಲದ ಮಾರ್ಗವನ್ನು ಒಂದು ಸಣ್ಣ ಬ್ಯಾಂಕಿನ ಲೆಕ್ಕದಲ್ಲಿ ನೋಡೋಣ. ಅದರ ಠೇವಣಿ 500 ಕೋಟಿ ರೂಪಾಯಿ. ನಗದು ಮೀಸಲು ಅನುಪಾತ, ಅಂದರೆ ಸಿಆರ್‌ಆರ್, ಶೇ 4 ಇದ್ದರೆ 20 ಕೋಟಿ ರಿಸರ್ವ್ ಬ್ಯಾಂಕಿನಲ್ಲಿರಬೇಕು. ಶಾಸನಬದ್ಧ ದ್ರವ್ಯತಾ ಅನುಪಾತ ಶೇ 18 ಇದ್ದರೆ 90 ಕೋಟಿ ಸರ್ಕಾರಿ ಸಾಲಪತ್ರಗಳಂಥವುಗಳಲ್ಲಿರಬೇಕು. ಬಂಡವಾಳ ಮುಂತಾದುವನ್ನು ಬದಿಗಿಟ್ಟರೆ ಸಾಲಕ್ಕೆ ಉಳಿಯುವುದು 390 ಕೋಟಿ.

ಈಗ ನೀತಿ ಬಿಗಿಯಾಯಿತು. 2022ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಮಾಡಿದಂತೆ ಸಿಆರ್‌ಆರ್ ಶೇ 4ರಿಂದ ಶೇ 4.5ಕ್ಕೆ ಏರಿತು. ಹೆಚ್ಚಿನ ಬಡ್ಡಿ ಹುಡುಕಿಕೊಂಡು 10 ಕೋಟಿ ಠೇವಣಿಯೂ ಬೇರೆಡೆಗೆ ಹೋಯಿತು ಎನ್ನೋಣ. ಉಳಿದ 490 ಕೋಟಿಯಲ್ಲಿ 22.05 ಕೋಟಿ ನಗದು ಮೀಸಲಿಗೆ, 88.2 ಕೋಟಿ ಸಾಲಪತ್ರಗಳಿಗೆ. ಸಾಲಕ್ಕೆ ಸಿಗುವುದು 379.75 ಕೋಟಿ. ಒಟ್ಟು 10.25 ಕೋಟಿ ಕಡಿಮೆ. ಈ ಬ್ಯಾಂಕಿನ ಗ್ರಾಹಕರಲ್ಲಿ ಯಾರ ವ್ಯವಹಾರವೂ ಕೆಟ್ಟಿಲ್ಲ, ಯಾರ ಅಡಮಾನವೂ ಕರಗಿಲ್ಲ. ಆದರೂ ಕೆಲವರಿಗೆ ಸಾಲ ಇಲ್ಲವಾಗುತ್ತದೆ.

ಇಷ್ಟಕ್ಕೆ ನಿಲ್ಲಿಸಿದರೆ ಉತ್ತರ ಅರ್ಧವಾಯಿತು. ಏಕೆಂದರೆ ಈ ಮಾರ್ಗ ಕೆಲಸ ಮಾಡಲು ಎರಡು ಷರತ್ತುಗಳು ಕೂಡಿಬರಬೇಕು.

ಮೊದಲ ಷರತ್ತು, ಹೋದ ಠೇವಣಿಯ ಜಾಗವನ್ನು ಬ್ಯಾಂಕ್ ಬೇರೆ ಹಣದಿಂದ ಸುಲಭವಾಗಿ ತುಂಬಿಕೊಳ್ಳಲಾಗಬಾರದು. ದೊಡ್ಡ ಬ್ಯಾಂಕಿಗೆ ಠೇವಣಿ ಪ್ರಮಾಣಪತ್ರ ಮಾರಿ ಸಗಟು ಹಣ ತರುವ ದಾರಿಯಿದೆ. ಕಡ್ಡಾಯ ಮಿತಿಗಿಂತ ಹೆಚ್ಚಾಗಿ ಇಟ್ಟುಕೊಂಡಿರುವ ಸರ್ಕಾರಿ ಸಾಲಪತ್ರಗಳನ್ನು ಮಾರುವ ದಾರಿಯೂ ಇದೆ. ಅಂಥ ಬ್ಯಾಂಕ್ ಸಾಲ ನಿಲ್ಲಿಸಬೇಕಾಗಿಲ್ಲ. ಕ್ರಿಸ್ಟಿನಾ ರೋಮರ್ ಮತ್ತು ಡೇವಿಡ್ ರೋಮರ್ 1990ರಲ್ಲಿ ಎತ್ತಿದ ಆಕ್ಷೇಪ ಇದೇ: ಬ್ಯಾಂಕುಗಳು ಮೀಸಲಿನ ಹಂಗಿಲ್ಲದ ಹಣ ತರಬಲ್ಲವಾದರೆ ಈ ಮಾರ್ಗಕ್ಕೆ ಬಲವೆಲ್ಲಿ? ಬರ್ನಾಂಕೆ ಮತ್ತು ಗರ್ಟ್ಲರ್ ಕೊಟ್ಟ ಉತ್ತರವೂ ಸರಳವಾಗಿದೆ. ಹೊರಗಿನ ಹಣ ಸಿಗಲೇಬಾರದು ಎಂದೇನಿಲ್ಲ. ಕೇಳಿದಷ್ಟೂ ಹಳೆಯ ಬೆಲೆಗೇ ಸಿಗುವುದಿಲ್ಲ ಎಂದಾದರೆ ಸಾಕು. ವಿಮೆಯಿಲ್ಲದ ಸಗಟು ಹಣ ಕೊಡುವವರು ಬ್ಯಾಂಕನ್ನೂ ಒಬ್ಬ ಸಾಲಗಾರನಂತೆ ಅಳೆಯುತ್ತಾರೆ, ಹೆಚ್ಚು ಬಡ್ಡಿ ಕೇಳುತ್ತಾರೆ. ಆ ಹೆಚ್ಚಳ ಬ್ಯಾಂಕಿನ ಗ್ರಾಹಕರ ಮೇಲೆ ಬೀಳುತ್ತದೆ.

ಎರಡನೆಯ ಷರತ್ತು ಸಾಲಗಾರನಿಗೆ ಸಂಬಂಧಿಸಿದ್ದು. ಬ್ಯಾಂಕ್ ಸಾಲಕ್ಕೆ ಸರಿಸಮನಾದ ಬೇರೆ ಮೂಲ ಅವನಿಗೆ ಇರಬಾರದು. ದೊಡ್ಡ ಕಂಪನಿ ವಾಣಿಜ್ಯ ಪತ್ರ ಅಥವಾ ಬಾಂಡ್ ಮಾರಿ ಪೇಟೆಯಿಂದ ನೇರವಾಗಿ ಹಣ ಎತ್ತಬಲ್ಲದು. ಹತ್ತು ವರ್ಷದಿಂದ ಒಂದೇ ಶಾಖೆಯಲ್ಲಿ ಖಾತೆ ಇಟ್ಟುಕೊಂಡ ಸಣ್ಣ ಕಾರ್ಖಾನೆಗೆ ಆ ದಾರಿ ಇಲ್ಲ. ಅದರ ವ್ಯವಹಾರ ಗೊತ್ತಿರುವುದು ಆ ಶಾಖೆಗೆ ಮಾತ್ರ. ಹೊಸ ಬ್ಯಾಂಕ್ ಮೊದಲಿನಿಂದ ವಿಚಾರಣೆ ಮಾಡಬೇಕು.

ಈ ಷರತ್ತುಗಳಿಂದಲೇ ಒಂದು ಊಹೆ ಹುಟ್ಟುತ್ತದೆ, ಅದನ್ನು ಅಂಕಿಅಂಶಗಳಲ್ಲಿ ಪರೀಕ್ಷಿಸಬಹುದು. ನೀತಿ ಬಿಗಿಯಾದಾಗ ಹೆಚ್ಚು ಸಾಲ ಕಡಿತ ಮಾಡಬೇಕಾದವು ಸಣ್ಣ ಬ್ಯಾಂಕುಗಳು, ಅವುಗಳಲ್ಲೂ ಕೈಯಲ್ಲಿ ಮಾರಬಲ್ಲ ಸಾಲಪತ್ರ ಕಡಿಮೆ ಇರುವಂಥವು. ಅನಿಲ್ ಕಶ್ಯಪ್ ಮತ್ತು ಜೆರೆಮಿ ಸ್ಟೈನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಬ್ಯಾಂಕುಗಳ ಸುಮಾರು ಹತ್ತು ಲಕ್ಷ ತ್ರೈಮಾಸಿಕ ದಾಖಲೆಗಳನ್ನು ಜಾಲಾಡಿ ಕಂಡದ್ದೂ ಇದನ್ನೇ.

ಪಡೆಯುವವನ ಲೆಕ್ಕ ಸೊರಗಿದಾಗ

ಈಗ ಬ್ಯಾಂಕಿನ ಬಳಿ ಹಣಕ್ಕೆ ಕೊರತೆಯೇ ಇಲ್ಲ ಎಂದುಕೊಂಡು ಒಂದು ಕಾರ್ಖಾನೆಯ ಲೆಕ್ಕ ತೆರೆಯೋಣ. ಯಂತ್ರದ ಬಿಡಿಭಾಗ ತಯಾರಿಸುವ ಘಟಕ. ತಲೆಯ ಮೇಲೆ 1 ಕೋಟಿ ರೂಪಾಯಿ ಸಾಲ, ಬಡ್ಡಿ ಶೇ 9. ಬಡ್ಡಿ ಕಟ್ಟುವ ಮೊದಲು ವರ್ಷಕ್ಕೆ ಕೈಗೆ ಬರುವ ಹಣ 15 ಲಕ್ಷ. ಬಡ್ಡಿ 9 ಲಕ್ಷ ಕಳೆದು ಉಳಿಯುವುದು 6 ಲಕ್ಷ.

ಸಣ್ಣ ಉದ್ಯಮಗಳ ಹೊಸ ಬದಲಾಗುವ ದರದ ಬ್ಯಾಂಕ್ ಸಾಲಗಳನ್ನು ರೆಪೊದಂಥ ಬಾಹ್ಯ ಮಾನದಂಡಕ್ಕೆ ಜೋಡಿಸಬೇಕೆಂಬ ನಿಯಮ 2019ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಹಾಗಾಗಿ ರೆಪೊ ದರದ ಏರಿಕೆ ಈಗಾಗಲೇ ಪಡೆದ ಅಂಥ ಸಾಲದ ಬಡ್ಡಿಗೂ ಬೇಗನೆ ಬಂದು ಮುಟ್ಟುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಏರಿತು. ಅಷ್ಟೂ ಏರಿಕೆ ನಮ್ಮ ಘಟಕದ ಮೇಲೆ ಬಿದ್ದರೆ ಬಡ್ಡಿ ಶೇ 11.5, ಅಂದರೆ 11.5 ಲಕ್ಷ. ಕೈಯಲ್ಲಿ ಉಳಿಯುವುದು 3.5 ಲಕ್ಷ ಮಾತ್ರ. ಬಡ್ಡಿಯ ಹೊರೆ ಏರಿದ್ದು ಶೇ 28ರಷ್ಟು, ಆದರೆ ಉಳಿಕೆ ಕುಸಿದದ್ದು ಸುಮಾರು ಶೇ 42ರಷ್ಟು. ಸಾಲದ ಭಾರ ಹೆಚ್ಚಿದ್ದಷ್ಟೂ ಈ ಕುಸಿತ ಕಡಿದಾಗುತ್ತದೆ.

ಘಟಕಕ್ಕೆ 20 ಲಕ್ಷದ ಹೊಸ ಯಂತ್ರ ಬೇಕಿತ್ತು. ಬ್ಯಾಂಕ್ ಕೇಳುವ ಮಾರ್ಜಿನ್ ಹಣ ಶೇ 30. ಮೊದಲಾದರೆ ವರ್ಷದ ಉಳಿಕೆ 6 ಲಕ್ಷವನ್ನು ತಾನು ಹಾಕಿ 14 ಲಕ್ಷ ಸಾಲ ಪಡೆಯಬಹುದಿತ್ತು. ಈಗ ಕೈಯಲ್ಲಿರುವ 3.5 ಲಕ್ಷಕ್ಕೆ ಅದೇ ಶೇ 30ರ ನಿಯಮದಲ್ಲಿ ಸಿಗುವ ಸಾಲ ಸುಮಾರು 8.17 ಲಕ್ಷ. ಒಟ್ಟು ಸೇರಿಸಿದರೂ 12 ಲಕ್ಷ ಮುಟ್ಟುವುದಿಲ್ಲ. ಬ್ಯಾಂಕ್ ತನ್ನ ನಿಯಮ ಬದಲಿಸಿಲ್ಲ, ಅದರ ಖಜಾನೆಯೂ ಬರಿದಾಗಿಲ್ಲ. ಆದರೂ ಸಾಲ 14 ಲಕ್ಷದಿಂದ 8 ಲಕ್ಷದ ಆಸುಪಾಸಿಗೆ ಇಳಿಯಿತು.

ಇದು ನಗದು ಹರಿವಿನ ಕಡೆಯ ಏಟು. ಇನ್ನೊಂದು ಏಟು ಅಡಮಾನದ ಮೇಲೆ. ಘಟಕದ ಶೆಡ್ಡಿಗೆ ವರ್ಷಕ್ಕೆ 6 ಲಕ್ಷ ಬಾಡಿಗೆ ಬರಬಹುದು ಎನ್ನಿ. ಕೊಳ್ಳುವವರು ತಮ್ಮ ಹಣಕ್ಕೆ ಶೇ 8 ಪ್ರತಿಫಲ ಬಯಸಿದರೆ ಅದರ ಬೆಲೆ 75 ಲಕ್ಷ. ಬೇರೆಡೆ ಬಡ್ಡಿ ಏರಿ ಅವರು ಶೇ 10 ಬಯಸತೊಡಗಿದರೆ ಅದೇ ಶೆಡ್ಡಿನ ಬೆಲೆ 60 ಲಕ್ಷ. ಗೋಡೆಯ ಒಂದು ಇಟ್ಟಿಗೆಯೂ ಅಲುಗಿಲ್ಲ, ಆದರೆ ಅಡಮಾನದ ಬೆಲೆಯ ಶೇ 60ರಷ್ಟು ಸಾಲ ಕೊಡುವ ಬ್ಯಾಂಕಿನಲ್ಲಿ ಸಾಲದ ಮಿತಿ 45 ಲಕ್ಷದಿಂದ 36 ಲಕ್ಷಕ್ಕೆ ಇಳಿಯಿತು. ಮೂರನೆಯ ಏಟು ಪರೋಕ್ಷವಾಗಿ, ಸ್ವಲ್ಪ ತಡವಾಗಿ ಬರುತ್ತದೆ. ಘಟಕದ ಗ್ರಾಹಕರೂ ಖರ್ಚು ಹಿಡಿಯುವುದರಿಂದ ಮಾರಾಟ ಇಳಿಯುತ್ತದೆ, ಬರಬೇಕಾದ ಬಾಕಿ ನಿಧಾನವಾಗುತ್ತದೆ. ಸಂಬಳದಂಥ ಖರ್ಚು ಮಾತ್ರ ಹಾಗೆಯೇ ಇರುತ್ತದೆ.

ಸ್ವಂತ ಹಣ ಕಡಿಮೆಯಾದ ಉದ್ಯಮಿಗೆ ತನ್ನ ಯೋಜನೆಯಲ್ಲಿ ಕಳೆದುಕೊಳ್ಳುವುದೂ ಕಡಿಮೆ. ಹಾಗಾಗಿ ಅವನು ಅಪಾಯದ ದಾರಿ ಹಿಡಿಯಬಹುದೆಂಬ ಅನುಮಾನ ಸಾಲ ಕೊಡುವವನಿಗೆ ಹೆಚ್ಚುತ್ತದೆ. ನಿವ್ವಳ ಸಂಪತ್ತು ಇಳಿದಂತೆ ಹೊರಹಣದ ಹೆಚ್ಚುವರಿ ವೆಚ್ಚ ಏರುವುದು ಈ ಕಾರಣಕ್ಕೆ. ಹೂಡಿಕೆ ಇಳಿದರೆ ಆದಾಯ ಇಳಿಯುತ್ತದೆ, ಆದಾಯ ಇಳಿದರೆ ನಿವ್ವಳ ಸಂಪತ್ತು ಮತ್ತಷ್ಟು ಇಳಿಯುತ್ತದೆ. ಈ ಸುತ್ತಿಗೆ ಹಣಕಾಸು ವೇಗವರ್ಧಕ, ಅಂದರೆ ಫೈನಾನ್ಶಿಯಲ್ ಆಕ್ಸಿಲರೇಟರ್ ಎಂಬ ಹೆಸರಿದೆ. ಗರ್ಟ್ಲರ್ ಮತ್ತು ಸೈಮನ್ ಗಿಲ್‌ಕ್ರಿಸ್ಟ್ 1994ರಲ್ಲಿ ಅಮೆರಿಕದ ತಯಾರಿಕಾ ಉದ್ಯಮಗಳನ್ನು ಪರಿಶೀಲಿಸಿದಾಗ, ನೀತಿ ಬಿಗಿಯಾದ ಮೇಲೆ ಸಣ್ಣ ಘಟಕಗಳ ಮಾರಾಟ ಮತ್ತು ದಾಸ್ತಾನು ದೊಡ್ಡವುಗಳಿಗಿಂತ ಹೆಚ್ಚು ಕುಸಿದದ್ದು ಕಂಡಿತು.

ಒಂದೇ ಸಂಸ್ಥೆ, ಎರಡು ಬ್ಯಾಂಕ್

ಇಲ್ಲಿ ಒಂದು ಕಷ್ಟ ಎದುರಾಗುತ್ತದೆ. ನೀತಿ ಬಿಗಿಯಾದಾಗ ಒಟ್ಟು ಸಾಲ ಇಳಿಯಿತೆಂದು ಅಂಕಿಅಂಶ ಹೇಳಿದರೆ ಅದರಿಂದ ಯಾವ ಮಾರ್ಗವೂ ಸಾಬೀತಾಗುವುದಿಲ್ಲ. ಬ್ಯಾಂಕುಗಳು ಕೊಡದಿರಬಹುದು, ಸಂಸ್ಥೆಗಳಿಗೆ ಅರ್ಹತೆ ತಪ್ಪಿರಬಹುದು, ಅಥವಾ ಬಡ್ಡಿ ಹೆಚ್ಚಾಯಿತೆಂದು ಸಂಸ್ಥೆಗಳೇ ಕೇಳದಿರಬಹುದು. ಸಣ್ಣ ಸಂಸ್ಥೆಗಳು ಹೆಚ್ಚು ನರಳಿದವು ಎಂಬುದೂ ಸಾಲದು. ಸಣ್ಣ ಸಂಸ್ಥೆಗಳು ಸಾಮಾನ್ಯವಾಗಿ ಸಣ್ಣ ಬ್ಯಾಂಕಿನ ಗ್ರಾಹಕರು, ಅವುಗಳ ಅಡಮಾನವೂ ಸಣ್ಣದು. ಎರಡೂ ಕಾರಣಗಳು ಒಂದೇ ಕಡೆ ಕೂಡಿಕೊಂಡಿರುತ್ತವೆ.

ಈ ಗಂಟನ್ನು ಬಿಡಿಸಿದ ಒಂದು ಪ್ರಸಂಗ ನಮ್ಮ ನೆರೆಯಲ್ಲೇ ನಡೆಯಿತು. 1998ರ ಮೇ ತಿಂಗಳಲ್ಲಿ ಭಾರತ ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ನಡೆಸಿತು. ಮೇ 28ರಂದು ಪಾಕಿಸ್ತಾನವೂ ನಡೆಸಿತು. ಅಂತರರಾಷ್ಟ್ರೀಯ ನಿರ್ಬಂಧಗಳಿಂದ ವಿದೇಶಿ ವಿನಿಮಯ ಬತ್ತುವ ಭೀತಿಯಲ್ಲಿ ಅಲ್ಲಿನ ಸರ್ಕಾರ ಬ್ಯಾಂಕುಗಳಲ್ಲಿದ್ದ ಡಾಲರ್ ಠೇವಣಿಗಳನ್ನು ಡಾಲರ್ ರೂಪದಲ್ಲಿ ಹಿಂದೆ ಪಡೆಯದಂತೆ ತಡೆಯಿತು. ಜನರ ವಿಶ್ವಾಸ ಕದಡಿತು, ಡಾಲರ್ ಠೇವಣಿ ಕರಗಿತು. ಆದರೆ ಎಲ್ಲ ಬ್ಯಾಂಕುಗಳಿಗೂ ಒಂದೇ ಪ್ರಮಾಣದ ಏಟು ಬೀಳಲಿಲ್ಲ. ಡಾಲರ್ ಠೇವಣಿಯನ್ನೇ ಹೆಚ್ಚು ನೆಚ್ಚಿದ್ದ ಬ್ಯಾಂಕುಗಳು ತೀವ್ರ ಕೊರತೆಗೆ ಸಿಲುಕಿದವು, ಉಳಿದವು ಅಷ್ಟಾಗಿ ಸಿಲುಕಲಿಲ್ಲ.

ಅಸೀಮ್ ಇಜಾಜ್ ಖ್ವಾಜಾ ಮತ್ತು ಆತಿಫ್ ಮಿಯಾನ್ ಈ ವ್ಯತ್ಯಾಸವನ್ನು ಬಳಸಿಕೊಂಡರು. 2008ರಲ್ಲಿ ಪ್ರಕಟವಾದ ಅವರ ಅಧ್ಯಯನ ಒಂದಕ್ಕಿಂತ ಹೆಚ್ಚು ಬ್ಯಾಂಕುಗಳಿಂದ ಸಾಲ ಪಡೆದ ಸಂಸ್ಥೆಗಳನ್ನು ಆರಿಸಿ, ಒಂದೇ ಸಂಸ್ಥೆಗೆ ಬೇರೆ ಬೇರೆ ಬ್ಯಾಂಕುಗಳು ಕೊಟ್ಟ ಸಾಲವನ್ನು ಹೋಲಿಸಿತು. ಸಂಸ್ಥೆ ಒಂದೇ ಆದ್ದರಿಂದ ಅದರ ಲಾಭ, ಅಡಮಾನ, ಸಾಲದ ಬೇಡಿಕೆ ಎರಡೂ ಬ್ಯಾಂಕುಗಳ ಎದುರು ಒಂದೇ. ಆದರೂ ಸಾಲದಲ್ಲಿ ವ್ಯತ್ಯಾಸ ಕಂಡರೆ ಅದರ ಕಾರಣ ಬ್ಯಾಂಕಿನ ಕಡೆಯಲ್ಲೇ ಇರಬೇಕು. ವ್ಯತ್ಯಾಸ ಕಂಡಿತು: ಒಂದು ಬ್ಯಾಂಕಿನ ನಗದು ಲಭ್ಯತೆ ಇನ್ನೊಂದಕ್ಕಿಂತ ಶೇ 1ರಷ್ಟು ಹೆಚ್ಚು ಕುಸಿದಿದ್ದರೆ, ಆ ಬ್ಯಾಂಕಿನಿಂದ ಅದೇ ಸಂಸ್ಥೆಗೆ ಸಿಗುವ ಸಾಲ ಹೆಚ್ಚುವರಿಯಾಗಿ ಶೇ 0.6ರಷ್ಟು ಇಳಿಯಿತು. ಕೊಡುವವನ ಕೈ ಬಿಗಿಯಾದದ್ದಕ್ಕೆ ಇಷ್ಟು ನೇರವಾದ ಸಾಕ್ಷ್ಯ ಅಪರೂಪ.

ಅಧ್ಯಯನದ ಎರಡನೆಯ ಭಾಗವೂ ಅಷ್ಟೇ ಮುಖ್ಯ. ಒಂದು ಬ್ಯಾಂಕ್ ಕಡಿತ ಮಾಡಿದಾಗ ದೊಡ್ಡ ಸಂಸ್ಥೆಗಳು ಬೇರೆಡೆ ಸಾಲ ಪಡೆದು ಆ ಕೊರತೆಯನ್ನು ಪೂರ್ತಿ ತುಂಬಿಕೊಂಡವು. ವ್ಯಾಪಾರದ ಅಥವಾ ರಾಜಕೀಯದ ಬಲವಾದ ನಂಟಿದ್ದವುಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿತ್ತು. ಸಣ್ಣ ಸಂಸ್ಥೆಗಳಿಗೆ ಅದು ಆಗಲಿಲ್ಲ. ಅವುಗಳ ಒಟ್ಟು ಸಾಲ ಇಳಿಯಿತು, ಹಣಕಾಸಿನ ಸಂಕಷ್ಟ ಹೆಚ್ಚಿತು. ಮೇಲೆ ಹೇಳಿದ ಎರಡನೆಯ ಷರತ್ತು ಇಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಉತ್ತರದಲ್ಲಿ ಈ ಉದಾಹರಣೆ ಬಳಸುವಾಗ ಒಂದು ಎಚ್ಚರ ಬೇಕು. ಪಾಕಿಸ್ತಾನದಲ್ಲಿ ನಡೆದದ್ದು ದರ ಏರಿಕೆಯಲ್ಲ, ಬ್ಯಾಂಕುಗಳ ನಗದು ಲಭ್ಯತೆಗೆ ಬಿದ್ದ ಹೊರಗಿನ ಏಟು. ಬ್ಯಾಂಕಿಗೆ ಹಣ ಕಡಿಮೆಯಾದರೆ ಸಾಲ ಕಡಿಮೆಯಾಗುತ್ತದೆ ಎಂಬ ಕೊಂಡಿಯನ್ನು ಅದು ಸ್ಥಾಪಿಸುತ್ತದೆ. ಹಣಕಾಸು ನೀತಿ ಬ್ಯಾಂಕಿನ ಹಣವನ್ನು ಎಷ್ಟು ಕಡಿಮೆ ಮಾಡುತ್ತದೆ ಎಂಬ ಅದರ ಹಿಂದಿನ ಕೊಂಡಿಯನ್ನು ಅದು ಅಳೆದಿಲ್ಲ.

2020ರ ಭಾರತದಲ್ಲಿ ತೊಡಕು ಎಲ್ಲಿತ್ತು?

ಎರಡು ಮಾರ್ಗಗಳ ವ್ಯತ್ಯಾಸ ನೀತಿಗೆ ಏಕೆ ಬೇಕು ಎಂಬುದನ್ನು ಕೋವಿಡ್ ಕಾಲದ ಭಾರತ ತೋರಿಸಿತು. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4.4ಕ್ಕೆ ಇಳಿಸಿತು. ಸಿಆರ್‌ಆರ್ ಅನ್ನು ಶೇ 4ರಿಂದ ಶೇ 3ಕ್ಕೆ ಇಳಿಸಿ, ಬ್ಯಾಂಕುಗಳ ಕೈಗೆ 1.37 ಲಕ್ಷ ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಕೊಡುವವನ ಕೈ ಸಡಿಲಿಸುವ ಕ್ರಮ ಇದು, ಬ್ಯಾಂಕ್ ಸಾಲದ ಮಾರ್ಗಕ್ಕೆ ನೇರ ಮದ್ದು.

ಏಪ್ರಿಲ್‌ನಲ್ಲಿ ಸಣ್ಣ ಮತ್ತು ಮಧ್ಯಮ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಹಣ ತಲುಪಿಸಲೆಂದೇ ಬ್ಯಾಂಕುಗಳಿಗೆ ದೀರ್ಘಾವಧಿ ರೆಪೊ ಹಣದ ಹರಾಜು ನಡೆಯಿತು. ಮೊದಲ ಕಂತಿನಲ್ಲಿ 25,000 ಕೋಟಿ ಕೊಡಲು ರಿಸರ್ವ್ ಬ್ಯಾಂಕ್ ಸಿದ್ಧವಿತ್ತು. ಬಂದ ಬೇಡಿಕೆ 12,850 ಕೋಟಿ ಮಾತ್ರ. ಅದೇ ಹೊತ್ತಿನಲ್ಲಿ ಬ್ಯಾಂಕುಗಳು ಹೆಚ್ಚುವರಿ ಹಣವನ್ನು ಭಾರಿ ಮೊತ್ತದಲ್ಲಿ ರಿಸರ್ವ್ ಬ್ಯಾಂಕಿನಲ್ಲೇ ರಿವರ್ಸ್ ರೆಪೊ ಮೂಲಕ ಇಡುತ್ತಿದ್ದವು. ಹಣ ಇದ್ದೂ ಮುಂದೆ ಹೋಗದಿದ್ದರೆ ಅಡಚಣೆ ಪಡೆಯುವವನ ಕಡೆಗಿದೆ ಎಂಬ ಸುಳಿವು ಅದು. ಲಾಕ್‌ಡೌನ್‌ನಲ್ಲಿ ಮಾರಾಟ ನಿಂತ ಘಟಕದ ನಗದು ಹರಿವು ಸೊನ್ನೆ. ಅದಕ್ಕೆ ಕೊಟ್ಟ ಸಾಲ ಬರುತ್ತದೆಂದು ನಂಬುವುದು ಯಾವ ಬ್ಯಾಂಕಿಗೂ ಕಷ್ಟವಾಗಿತ್ತು.

ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತುರ್ತು ಸಾಲ ಖಾತರಿ ಯೋಜನೆ ತಂದಿತು. ಸಂಸ್ಥೆಗೆ 2020ರ ಫೆಬ್ರವರಿ 29ರಂದು ಇದ್ದ ಸಾಲ ಬಾಕಿಯ ಶೇ 20ರವರೆಗೆ ಹೆಚ್ಚುವರಿ ಸಾಲ, ಹೊಸ ಅಡಮಾನವಿಲ್ಲದೆ. ಒಟ್ಟು ಮಿತಿ 3 ಲಕ್ಷ ಕೋಟಿ, ಖಾತರಿ ಶೇ 100. ಈ ಯೋಜನೆ ಬ್ಯಾಂಕಿಗೆ ಹಣ ಕೊಡಲಿಲ್ಲ. ಸಾಲಗಾರನ ಲೆಕ್ಕ ಸೊರಗಿ ಅಡಮಾನ ಸಾಕಾಗದ ಜಾಗದಲ್ಲಿ ಸರ್ಕಾರ ತನ್ನ ಖಾತರಿಯನ್ನು ಇಟ್ಟಿತು. ಬ್ಯಾಲೆನ್ಸ್ ಶೀಟ್ ಮಾರ್ಗಕ್ಕೆ ಬೇಕಾಗಿದ್ದ ಮದ್ದು ಇದು. ಅಂದಿನ ಬ್ಯಾಂಕುಗಳ ಹಿಂಜರಿಕೆಯಲ್ಲಿ ತಮ್ಮದೇ ಬಂಡವಾಳದ ಚಿಂತೆಯೂ ಬೆರೆತಿತ್ತು. ಆದ್ದರಿಂದ ಇಡೀ ಪ್ರಸಂಗವನ್ನು ಒಂದೇ ಮಾರ್ಗದ ಹೆಸರಿಗೆ ಬರೆಯುವುದು ತಪ್ಪಾಗುತ್ತದೆ. ಆದರೆ ನಗದು ಸುರಿದರಷ್ಟೇ ಸಾಲ ಹರಿಯುವುದಿಲ್ಲ ಎಂದು ಹೇಳಲು ಈ ಪ್ರಸಂಗ ಸಾಕು.

ಉತ್ತರದಲ್ಲಿ ಎಡವುವ ಜಾಗ

ಅತಿ ಸಾಮಾನ್ಯ ತಪ್ಪು ಹೆಸರಿನಿಂದಲೇ ಹುಟ್ಟುತ್ತದೆ. ಬ್ಯಾಲೆನ್ಸ್ ಶೀಟ್ ಎಂದೊಡನೆ ಹಲವರು ಬ್ಯಾಂಕಿನ ಬ್ಯಾಲೆನ್ಸ್ ಶೀಟ್ ಬರೆಯತೊಡಗುತ್ತಾರೆ: ಠೇವಣಿ, ಮೀಸಲು, ವಸೂಲಾಗದ ಸಾಲ. ಈ ಮಾರ್ಗದಲ್ಲಿ ಮಾತಾಡುವುದು ಸಾಲಗಾರನ ಬ್ಯಾಲೆನ್ಸ್ ಶೀಟ್ ಬಗ್ಗೆ, ಅವನು ಸಂಸ್ಥೆಯಾಗಿರಲಿ, ಮನೆ ಕಟ್ಟುವ ಕುಟುಂಬವಾಗಿರಲಿ. ಬ್ಯಾಂಕಿನ ಲೆಕ್ಕ ಬರುವುದು ಮೊದಲ ಮಾರ್ಗದಲ್ಲಿ. 2016–17ರ ಆರ್ಥಿಕ ಸಮೀಕ್ಷೆ ಚರ್ಚಿಸಿದ ‘ಅವಳಿ ಬ್ಯಾಲೆನ್ಸ್ ಶೀಟ್ ಸಮಸ್ಯೆ’ ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಲ್ಲಿ ಸಾಲದಲ್ಲಿ ಮುಳುಗಿದ ಕಂಪನಿಗಳದ್ದೂ ಅವುಗಳಿಗೆ ಸಾಲ ಕೊಟ್ಟ ಬ್ಯಾಂಕುಗಳದ್ದೂ ಸೇರಿ ಎರಡು ಲೆಕ್ಕಗಳಿವೆ. ಅದು ಒಂದು ಕಾಲಘಟ್ಟದ ಸ್ಥಿತಿಯ ವರ್ಣನೆ. ಉತ್ತರದಲ್ಲಿ ಅದನ್ನು ಬಳಸಬಹುದು, ಆದರೆ ಕಂಪನಿಯ ಕಡೆಯದು ಬ್ಯಾಲೆನ್ಸ್ ಶೀಟ್ ಮಾರ್ಗಕ್ಕೆ, ಬ್ಯಾಂಕಿನ ಕಡೆಯದು ಬ್ಯಾಂಕ್ ಸಾಲದ ಮಾರ್ಗಕ್ಕೆ ಹತ್ತಿರ ಎಂದು ಬಿಡಿಸಿ ಹೇಳಬೇಕು.

ಹತ್ತು ಅಂಕದ ಉತ್ತರ ಸುಮಾರು ಹೀಗಿರಬಹುದು:

‘ಹಣಕಾಸು ನೀತಿ ಬಿಗಿಯಾದಾಗ ಬಡ್ಡಿ ದರದ ಜೊತೆಗೆ ಹೊರಹಣದ ಹೆಚ್ಚುವರಿ ವೆಚ್ಚವೂ ಏರಿ ನೀತಿಯ ಪರಿಣಾಮ ಹಿಗ್ಗುತ್ತದೆ. ಇದು ಸಾಲದ ಮಾರ್ಗ. ಇದರ ಕವಲುಗಳು ಎರಡು. ಬ್ಯಾಂಕ್ ಸಾಲದ ಮಾರ್ಗದಲ್ಲಿ ಮೀಸಲು ಮತ್ತು ಠೇವಣಿ ಕಡಿಮೆಯಾಗಿ ಅಥವಾ ಬ್ಯಾಂಕಿನ ಹಣದ ವೆಚ್ಚ ಏರಿ ಸಾಲದ ಪೂರೈಕೆ ಕುಗ್ಗುತ್ತದೆ. ಇದಕ್ಕೆ ಬ್ಯಾಂಕಿಗೆ ಠೇವಣಿಗೆ ಸಮನಾದ ಬದಲಿ ಮೂಲ ಇರಬಾರದು, ಸಾಲಗಾರನಿಗೆ ಬ್ಯಾಂಕ್ ಸಾಲಕ್ಕೆ ಸಮನಾದ ಬದಲಿ ಇರಬಾರದು. ಬ್ಯಾಲೆನ್ಸ್ ಶೀಟ್ ಮಾರ್ಗದಲ್ಲಿ ಬಡ್ಡಿ ಹೊರೆ ಏರಿ ಸಾಲಗಾರನ ನಗದು ಹರಿವು ಕುಗ್ಗುತ್ತದೆ, ಆಸ್ತಿ ಬೆಲೆ ಇಳಿದು ಅಡಮಾನ ಸೊರಗುತ್ತದೆ, ನಿವ್ವಳ ಸಂಪತ್ತು ಇಳಿದು ಅವನ ಅರ್ಹತೆ ತಗ್ಗುತ್ತದೆ. ಮೊದಲನೆಯದಕ್ಕೆ ಬ್ಯಾಂಕುಗಳೇ ಬೇಕು, ಎರಡನೆಯದು ಬಾಂಡ್ ಸೇರಿದಂತೆ ಯಾವ ಮೂಲದ ಸಾಲಕ್ಕೂ ಅನ್ವಯಿಸುತ್ತದೆ. ಮೊದಲನೆಯದರ ಗುರುತು, ಒಂದೇ ಸಂಸ್ಥೆಗೆ ಬೇರೆ ಬ್ಯಾಂಕುಗಳಿಂದ ಸಿಗುವ ಸಾಲದಲ್ಲಿ ವ್ಯತ್ಯಾಸ. ಎರಡನೆಯದರ ಗುರುತು, ಒಂದೇ ಬ್ಯಾಂಕ್ ಬೇರೆ ಬೇರೆ ಸಂಸ್ಥೆಗಳಿಗೆ ಕೊಡುವ ಸಾಲದಲ್ಲಿ ವ್ಯತ್ಯಾಸ. ಮೊದಲನೆಯದಕ್ಕೆ ಪರಿಹಾರ ನಗದು ಪೂರೈಕೆ, ಎರಡನೆಯದಕ್ಕೆ ಸಾಲ ಖಾತರಿ ಅಥವಾ ಸಾಲ ಪುನರ್‌ರಚನೆ.’

ಸಮಯ ಉಳಿದರೆ ಇದರ ಕೆಳಗೆ ಒಂದು ಮಿತಿಯನ್ನೂ ಬರೆಯುವುದು ಒಳ್ಳೆಯದು. ಒಂದೇ ಸಂಸ್ಥೆಯನ್ನು ಎರಡು ಬ್ಯಾಂಕುಗಳ ಎದುರು ನಿಲ್ಲಿಸಿ ನೋಡುವ ವಿಧಾನಕ್ಕೆ ಎರಡು ಬ್ಯಾಂಕುಗಳಲ್ಲಿ ಸಾಲವಿರುವ ಸಂಸ್ಥೆಗಳೇ ಬೇಕು. ಒಂದೇ ಶಾಖೆಯನ್ನು ನಂಬಿದ ಅತಿ ಸಣ್ಣ ಘಟಕ ಆ ಹೋಲಿಕೆಯೊಳಗೆ ಬರುವುದೇ ಇಲ್ಲ. ಬೇರೆ ಬ್ಯಾಂಕಿನ ದಾರಿ ಇಲ್ಲದಿರುವುದೂ, ಅಡಮಾನ ಬೇಗ ಕರಗುವುದೂ ಅಂಥ ಘಟಕದಲ್ಲೇ ಹೆಚ್ಚು. ದರ ಏರಿಕೆಯ ಏಟು ಎರಡೂ ಮಾರ್ಗಗಳಿಂದ ಒಟ್ಟಿಗೆ ಬೀಳುವ ಆ ಜಾಗದಲ್ಲಿ ಯಾವುದರ ಪಾಲು ಎಷ್ಟೆಂದು ಅಳೆಯುವುದು ಅತಿ ಕಷ್ಟ. ಆದ್ದರಿಂದ ಅಂಥ ಘಟಕಗಳಿಗೆ ನಗದು ಪೂರೈಕೆಯನ್ನಷ್ಟೇ ಅಥವಾ ಖಾತರಿಯನ್ನಷ್ಟೇ ಒದಗಿಸಿದ ನೀತಿ ಅರ್ಧ ದಾರಿಯಲ್ಲಿ ನಿಲ್ಲಬಹುದು. ಅವುಗಳಿಗೆ ಎರಡೂ ಒಟ್ಟಿಗೆ ತಲುಪಬೇಕು.